ಹನ್ನೊಂದು ನಲವತ್ತೇಳರ ಮೇಲ್

ಗಂಟೆ ಮೇಡಂ ಎಂದು ಅವರಿಗೆ ಹೆಸರಿಟ್ಟವನು ನಾನೇ. ಅವರು ದಿನಕ್ಕೆ ಮೂರೇ ಸಲ ಮೇಲ್ ನೋಡುತ್ತಿದ್ದರು. ಬೆಳಿಗ್ಗೆ ಹತ್ತೂವರೆಗೆ, ಮಧ್ಯಾಹ್ನ ಒಂದೂವರೆಗೆ, ಸಂಜೆ ನಾಲ್ಕೂವರೆಗೆ, ಒಂದೊಂದು ಸಲಕ್ಕೂ ಅರ್ಧ ಗಂಟೆ. ಉಳಿದ ಹೊತ್ತಿನಲ್ಲಿ ಆಕಾಶ ಕಳಚಿ ಬಿದ್ದರೂ ಅವರ ಕಂಪ್ಯೂಟರಿನಲ್ಲಿ ಮೇಲ್ ತೆರೆದಿರುತ್ತಿರಲಿಲ್ಲ. ಹತ್ತೂವರೆಯಾಯಿತೆಂದು ತಿಳಿಯಲು ನಾವು ಗೋಡೆ ಗಡಿಯಾರ ನೋಡಬೇಕಿರಲಿಲ್ಲ, ಅವರು ಪೆನ್ಸಿಲ್ ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುವುದನ್ನು ನೋಡಿದರೆ ಸಾಕಿತ್ತು.

ನನ್ನದು ಅನುವಾದದ ಸಣ್ಣ ಕಚೇರಿ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕಿರುತ್ತಾರಲ್ಲ ಒಂದು ಚೀಟಿ, ಅದು ನಮ್ಮ ಕೆಲಸ. ನೀರಿನ ಪಂಪಿನ ಕೈಪಿಡಿ, ಆಸ್ಪತ್ರೆಯ ಯಂತ್ರಗಳ ಮೇಲೆ ಅಂಟಿಸುವ ಎಚ್ಚರಿಕೆ, ಇವೂ ನಮ್ಮವೇ. ಯಾರೂ ಪ್ರೀತಿಯಿಂದ ಓದದ, ಆದರೆ ಒಂದು ಅಂಕಿ ತಪ್ಪಿದರೆ ಯಾರದೋ ಮೈಗೆ ಪೆಟ್ಟಾಗುವಂಥ ಬರಹ. ಅನುವಾದಕರು ಮನೆಯಿಂದ ಬರೆದು ಕಳಿಸುತ್ತಾರೆ, ನಮ್ಮಲ್ಲಿ ಪುಟ ಜೋಡಿಸುತ್ತೇವೆ, ಆಮೇಲೆ ಗಂಟೆ ಮೇಡಂ ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಅವರ ಸಹಿ ಬಿದ್ದ ಮೇಲೆ ಪುಟ ಅಚ್ಚಿಗೆ. ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಆ ಹತ್ತೊಂಬತ್ತು ವರ್ಷದಲ್ಲಿ ಅವರ ಸಹಿ ದಾಟಿ ಹೊರಗೆ ಹೋದ ತಪ್ಪು ಒಂದೇ ಒಂದು, ಮತ್ತು ಈಗ ಹೇಳಹೊರಟಿರುವುದು ಅದನ್ನೇ.

ನಮ್ಮಲ್ಲಿಗೆ ಬರುವ ಮೊದಲು ಅವರು ಎಂಟು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿದ್ದರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಎದುರಿಗೆ ಮಿನುಗುವ ದೀಪಗಳನ್ನು ನೋಡುತ್ತ, ಬಂದ ಕರೆಯನ್ನೆಲ್ಲ ಬೇಕಾದ ಕೋಣೆಗೆ ದಾಟಿಸುವ ಕೆಲಸ. ಅದೊಂದು ಸಲ ನಾನು ಅವರ ಮೂರು ಹೊತ್ತಿನ ವ್ರತವನ್ನು ಗೇಲಿ ಮಾಡಿದಾಗ ಅವರು ನಕ್ಕು ಹೇಳಿದ್ದರು.

“ಎಂಟು ವರ್ಷ ದೀಪ ಹತ್ತಿದಾಗೆಲ್ಲ ಹಲೋ ಅಂದಿದೀನಿ ಸರ್. ನನ್ನ ಪಾಲಿನ ಹಲೋ ಮುಗೀತು. ಅಲ್ಲಿದ್ದಾಗ ಒಂದು ಗೊತ್ತಾಯ್ತು, ನಿಜವಾಗ್ಲೂ ತುರ್ತಿರೋರು ಸುಮ್ನೆ ಕಾಯಲ್ಲ, ಇನ್ನೊಂದ್ಸಲ ಮಾಡ್ತಾರೆ.”

ಹಾಗೆಂದು ಮನಸ್ಸಿಗೆ ಬಂದ ಗಂಟೆಯನ್ನು ಹಿಡಿದುಕೊಂಡು ಕೂತವರಲ್ಲ ಅವರು. ಶುರುವಿನಲ್ಲಿ ಎರಡು ವಾರ, ಅಂದರೆ ಹತ್ತು ಕೆಲಸದ ದಿನ, ತಮಗೆ ಬಂದ ಒಂದೊಂದು ಮೇಲನ್ನೂ ಗೆರೆ ಹಾಕಿದ ಪುಸ್ತಕದಲ್ಲಿ ಬರೆದಿಟ್ಟರು. ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತಿನೊಳಗೆ ಉತ್ತರ ಬೇಕಿತ್ತು, ತಡವಾಗಿದ್ದರೆ ಏನಾಗುತ್ತಿತ್ತು. ಒಟ್ಟು ನಾನೂರ ಹನ್ನೆರಡು ಮೇಲ್. ಒಂದು ಗಂಟೆಯೊಳಗೆ ಉತ್ತರ ಬೇಕಾಗಿದ್ದವು ಒಂಬತ್ತು. ಆ ಒಂಬತ್ತರಲ್ಲಿ ಏಳು ಜನ ಮೇಲ್ ಕಳಿಸಿದ ಬೆನ್ನಿಗೇ ಫೋನೂ ಮಾಡಿದ್ದರು. ಈ ಲೆಕ್ಕ ಕೈಗೆ ಬಂದ ಮೇಲೆ ಅವರು ಹೊತ್ತುಗಳನ್ನು ಗೊತ್ತು ಮಾಡಿದ್ದು.

ಬೆಳಿಗ್ಗೆ ಎಂಟೂವರೆಗೆ ಬಂದು ಮೊದಲ ಎರಡು ಗಂಟೆ ಮೇಲ್ ಮುಟ್ಟುತ್ತಿರಲಿಲ್ಲ, ತಲೆ ತಿಳಿಯಾಗಿರುವ ಆ ಹೊತ್ತು ಕೋಷ್ಟಕಗಳಿಗೆ ಮೀಸಲು. ಗಿರಾಕಿಗಳು ಕಚೇರಿಗೆ ಬಂದು ಕೂತು ಮೇಲ್ ಕಳಿಸಿ ಮುಗಿಸುವುದು ಹತ್ತರ ಸುಮಾರಿಗೆ, ಅದಕ್ಕೆ ಹತ್ತೂವರೆ. ಕೊನೆಯದನ್ನು ಮನೆಗೆ ಹೊರಡುವಾಗ ಇಡದೆ ನಾಲ್ಕೂವರೆಗೆ ಇಟ್ಟಿದ್ದರು, ಯಾರಿಗಾದರೂ ಏನಾದರೂ ಹೇಳಿದರೆ ಅವರು ಅದನ್ನು ಅವತ್ತೇ ಮಾಡಲು ಸಮಯ ಇರಲಿ ಎಂದು. ಅರ್ಧ ಗಂಟೆಯೊಳಗೆ ಬಂದದ್ದನ್ನೆಲ್ಲ ತೆಗೆದು, ಎರಡು ನಿಮಿಷದ್ದಕ್ಕೆ ಅಲ್ಲೇ ಉತ್ತರ ಕೊಟ್ಟು, ಹೆಚ್ಚು ಕೆಲಸ ಬೇಡುವುದನ್ನು ಪುಸ್ತಕದಲ್ಲಿ ದಿನ ಹಾಕಿ ಬರೆದುಕೊಂಡು, ಪೆಟ್ಟಿಗೆ ಖಾಲಿ ಮಾಡಿಯೇ ಮುಚ್ಚುತ್ತಿದ್ದರು. ನಡುವೆ ಬರೆದವರಿಗೆ ತಾನೇ ಹೋಗುವ ಒಂದು ಉತ್ತರ ಇತ್ತು. “ನಿಮ್ಮ ಮೇಲ್ ತಲುಪಿದೆ. ಹತ್ತೂವರೆ, ಒಂದೂವರೆ, ನಾಲ್ಕೂವರೆಗೆ ನೋಡುತ್ತೇನೆ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಈ ನಂಬರಿಗೆ ಫೋನ್ ಮಾಡಿ, ಎತ್ತುತ್ತೇನೆ.” ಮೇಜಿನ ಮೇಲಿನ ಆ ಕರಿ ಫೋನನ್ನು ಅವರು ಎರಡನೇ ಗಂಟೆ ಬಾರಿಸುವುದರೊಳಗೆ ಎತ್ತುತ್ತಿದ್ದರು.

ಇನ್ನು ನನ್ನ ಕಥೆ. ನನ್ನ ಕೈಯಿಂದ ಫೋನ್ ಬಿಡಿಸಲು ಬೆರಳು ಮುರಿಯಬೇಕು ಎಂದು ಹೆಂಡತಿ ಹೇಳುತ್ತಿದ್ದಳು. ತುತ್ತಿಗೊಮ್ಮೆ ನೋಡುತ್ತಿದ್ದೆ, ಮೆಟ್ಟಿಲಿಳಿಯುವಾಗ ನೋಡುತ್ತಿದ್ದೆ, ಕಾರು ಸಿಗ್ನಲ್ಲಿನಲ್ಲಿ ನಿಂತರೆ ನೋಡುತ್ತಿದ್ದೆ. ಅದನ್ನು ಚುರುಕು ಎಂದುಕೊಂಡಿದ್ದೆ. ನಮ್ಮ ಕಚೇರಿಯ ಮುಂಭಾಗದಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುವವಳು ನನ್ನ ತಂಗಿ. ಅವಳು ಬಾಯಿ ಬಿಟ್ಟರೆ ಮುಲಾಜಿಲ್ಲ.

“ಅಣ್ಣ, ನೀನು ಮೇಲ್ ನೋಡ್ತೀಯ, ಅವರು ಮೇಲ್ ಓದ್ತಾರೆ. ನಿಂಗೆ ಕಳಿಸಿದ್ದನ್ನ ನಾನು ಮೂರು ಸಲ ಕಳಿಸ್ಬೇಕು, ಅವರಿಗೆ ಒಂದೇ ಸಲ.”

“ಹೂಂ, ಇಬ್ರೂ ಸೇರಿ ಒಂದು ಕಚೇರಿ ಇಟ್ಕೊಳ್ಳಿ, ನಾನು ಬಂದು ಕಸ ಗುಡಿಸ್ತೀನಿ” ಎಂದಿದ್ದೆ. ಅವಳ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಎಲ್ಲ ಕೆಟ್ಟದ್ದು ಒಂದು ಮಧ್ಯಾಹ್ನ. ಔಷಧ ಕಂಪನಿಯೊಂದರ ನಾಲ್ಕು ಪುಟದ ಚೀಟಿ ಮೂರು ಗಂಟೆಗೆ ಅಚ್ಚಿಗೆ ಹೋಗುವುದಿತ್ತು. ಎರಡು ಗಂಟೆ ಐದು ನಿಮಿಷಕ್ಕೆ ಆ ಕಂಪನಿಗೆ ಹೊಸದಾಗಿ ಸೇರಿದ್ದ ಅಧಿಕಾರಿಣಿ ಗಂಟೆ ಮೇಡಂಗೆ ಮೇಲ್ ಹಾಕಿದರು. ನಾಲ್ಕನೇ ಪುಟ ತಡೆಯಿರಿ, ಹೊಸ ವಾಕ್ಯ ಬಂದಿದೆ. ಫೋನ್ ಮಾಡಲಿಲ್ಲ. ನಂಬರ್ ಇದ್ದದ್ದು ತಾನೇ ಹೋಗುವ ಆ ಉತ್ತರದಲ್ಲಿ, ಮತ್ತು ಹೊರಗಿನಿಂದ ಬರುವ ಅಂಥ ಉತ್ತರಗಳನ್ನು ಅವರ ಕಂಪನಿಯ ಮೇಲ್ ವ್ಯವಸ್ಥೆ ನೇರ ಕಸದ ಬುಟ್ಟಿಗೆ ಹಾಕುತ್ತಿತ್ತು. ಪಾಪ, ಆಕೆ ಉತ್ತರಕ್ಕೆ ಕಾದರು. ಇತ್ತ ಮೂರಕ್ಕೆ ಪುಟ ಹೊರಟಿತು. ನಾಲ್ಕೂವರೆಗೆ ಮೇಡಂ ಮೇಲ್ ತೆಗೆದು, ಓದಿ, ನೇರ ನನ್ನ ಕೋಣೆಗೆ ಬಂದರು. ಅಚ್ಚು ನಿಲ್ಲಿಸಿ ಹೊಸದಾಗಿ ಶುರು ಮಾಡಿದ್ದಾಯಿತು, ಒಂದು ದಿನ ಹಾಳಾಯಿತು, ಅಷ್ಟೆ. ಆದರೆ ಕಂಪನಿಯ ದೊಡ್ಡ ಅಧಿಕಾರಿ ಫೋನಿನಲ್ಲಿ ನನಗೆ ಹೇಳಿದ ಮಾತು ನೆತ್ತಿಗೇರಿತು. “ನಿಮ್ಮಲ್ಲಿ ಮೇಲ್ ನೋಡೋದಕ್ಕೂ ಮುಹೂರ್ತ ಇಡ್ತೀರಾ?” ಎಂದಿದ್ದರು.

ಮಾರನೆಯ ದಿನ ಮೇಡಂ ಒಂದು ಹಾಳೆ ಹಿಡಿದುಕೊಂಡು ಬಂದರು. ತಪ್ಪಿದ್ದು ಎಲ್ಲಿ ಎಂದು ಕಂಡುಕೊಂಡಿದ್ದರು.

“ಎರಡು ತೂತು ಇದೆ ಸರ್. ಫೋನ್ ನಂಬರ್ ಆಟೋ ಉತ್ತರದಲ್ಲಿ ಮಾತ್ರ ಇತ್ತು. ಅದನ್ನ ಕೆಲಸ ಒಪ್ಕೊಳ್ಳೋ ಫಾರಂ ಮೇಲೇ, ಮೊದಲನೇ ಸಾಲಿಗೇ ಹಾಕೋಣ. ಎರಡನೇದು, ಅಚ್ಚಿಗೆ ಹೋಗೋ ದಿನಕ್ಕೆ ನನ್ನ ಮೂರು ಹೊತ್ತು ಸಾಲಲ್ಲ. ಆ ದಿನ ಫೈಲ್ ಹೊರಡೋ ಅರ್ಧ ಗಂಟೆ ಮುಂಚೆ ಇನ್ನೊಂದು ಸಲ ನೋಡ್ತೀನಿ. ನೋಡದೆ ಫೈಲ್ ಹೊರಡೋ ಹಾಗಿಲ್ಲ ಅಂತ ಬರೆದಿಡೋಣ. ನಿನ್ನೆ ಹಾಗೆ ಇದ್ದಿದ್ರೆ ಎರಡೂವರೆಗೇ ಸಿಕ್ಕಿರೋದು.”

ಎಷ್ಟು ಸರಿಯಾದ ಮಾತು! ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅವತ್ತು ನಾನು ಅದನ್ನು ಪೂರ್ತಿ ಓದಲೂ ಇಲ್ಲ. ಬೆರಳಷ್ಟು ತೂತು ಮುಚ್ಚಿ ಎಂದು ಬಂದವರ ಎದುರು ನಾನು ಗೋಡೆಯನ್ನೇ ಕೆಡವಿದೆ.

“ಮೇಡಂ, ಸಾಕು. ಈ ಗಂಟೆ ಆಟ ಇವತ್ತಿಗೆ ಮುಗೀತು. ಇನ್ಮೇಲೆ ಎಲ್ಲರೂ ಮೇಲ್ ತೆಗೆದೇ ಇಟ್ಟಿರ್ಬೇಕು. ಬಂದ ಹದಿನೈದು ನಿಮಿಷದಲ್ಲಿ ಉತ್ತರ ಹೋಗ್ಬೇಕು.”

“ತಾಳೆ ನೋಡ್ತಿರುವಾಗ್ಲೂ?”

“ಯಾವಾಗ್ಲೂ.”

ಅವರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. “ನೀವು ಹೇಳಿದ್ರೆ ಮಾಡ್ತೀನಿ ಸರ್. ಆದ್ರೆ ಮಧ್ಯದಲ್ಲಿ ಎದ್ದು ಬಂದ್ರೆ ಕಣ್ಣು ವಾಪಸ್ ಅದೇ ಸಾಲಿಗೆ ಹೋಗುತ್ತೆ, ಮನಸ್ಸು ಹೋಗಲ್ಲ. ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು” ಎಂದರು. ನಾನು ಅಷ್ಟರಲ್ಲಿ ಫೋನ್ ನೋಡುತ್ತಿದ್ದೆ.

ಅಂದಿನಿಂದ ಅವರ ಪರದೆಯ ಮೂಲೆಯಲ್ಲಿ ಪುಟ್ಟ ಚೌಕ ಏಳಲು ಶುರುವಾಯಿತು, ಟಿಂಗ್ ಎನ್ನುವ ಸದ್ದಿನ ಜೊತೆಗೆ. ದಿನಕ್ಕೆ ಇಪ್ಪತ್ತೆರಡು ಪುಟ ಮುಗಿಸುತ್ತಿದ್ದವರು ಹದಿಮೂರಕ್ಕೆ ಇಳಿದರು. ಮನೆಗೆ ಹೊರಡುವುದು ಒಂದು ಗಂಟೆ ತಡವಾಯಿತು. ನಿವೃತ್ತ ವ್ಯಾಯಾಮ ಶಿಕ್ಷಕರಾಗಿದ್ದ ಅವರ ಯಜಮಾನರು ದಿನಾ ಸಂಜೆ ಬಸ್ ನಿಲ್ದಾಣದಲ್ಲಿ ಅವರಿಗಾಗಿ ಕಾಯುತ್ತಿದ್ದರು. ಅವರೂ ಹೆಂಡತಿಯ ಹೊತ್ತುಗಳನ್ನು ಪಾಲಿಸಿದವರೇ, ನಡುವೆ ಏನಾದರೂ ನೆನಪಾದರೆ ಚೀಟಿಯಲ್ಲಿ ಬರೆದಿಟ್ಟುಕೊಂಡು ಒಂದೂವರೆಗೆ ಒಟ್ಟಿಗೆ ಮೇಲ್ ಮಾಡುತ್ತಿದ್ದರಂತೆ. “ಮೂವತ್ತು ವರ್ಷ ಸೀಟಿ ಊದಿದೋರು, ಈಗ ನನ್ನ ಸೀಟಿಗೆ ಕಾಯ್ತಾರೆ” ಎಂದು ಮೇಡಂ ತಮಾಷೆ ಮಾಡುತ್ತಿದ್ದರು. ಹೊಸ ನಿಯಮದ ನಂತರ ಆ ತಮಾಷೆ ನಿಂತಿತು. ಪುಟ ಕಡಿಮೆಯಾಗಿದ್ದು ನನಗೆ ಕಂಡಿತ್ತು. ವಯಸ್ಸಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೂರು ತಿಂಗಳ ನಂತರ ಅದೇ ಕಂಪನಿಯಿಂದ ಮಕ್ಕಳ ಔಷಧದ ಚೀಟಿ ಬಂತು. ಮೂರನೇ ಪುಟದಲ್ಲಿ ಹದಿನಾಲ್ಕು ಸಾಲಿನ ಕೋಷ್ಟಕ. ಮಗುವಿನ ತೂಕ, ಒಂದು ಸಲಕ್ಕೆ ಎಷ್ಟು ಮಿಲಿಲೀಟರ್, ದಿನಕ್ಕೆ ಎಷ್ಟು ಸಲ, ದಿನಕ್ಕೆ ಹೆಚ್ಚೆಂದರೆ ಎಷ್ಟು. ಪುಟ ಜೋಡಿಸುವಾಗ ಆರನೇ ಸಾಲಿನಲ್ಲಿ ಏಳೂವರೆ ಎಂದಿರಬೇಕಾದ ಜಾಗಕ್ಕೆ ಕೆಳಗಿನ ಸಾಲಿನ ಹತ್ತು ಬಂದು ಕೂತಿತ್ತು. ಇಂಥದ್ದು ಆಗುತ್ತಲೇ ಇರುತ್ತದೆ, ಇದನ್ನು ಹಿಡಿಯುವುದಕ್ಕೇ ತಾಳೆ ನೋಡುವುದು. ಮೇಡಂ ಮರದ ಅಳತೆಪಟ್ಟಿಯನ್ನು ಸಾಲಿನ ಕೆಳಗೆ ಇಟ್ಟು, ಮೂಲದ ಅಂಕಿಯನ್ನು ತುಟಿಯಲ್ಲೇ ಓದಿ, ಅನುವಾದದ ಅಂಕಿಯನ್ನು ಓದಿ, ಸಾಲು ಪೂರ್ತಿಯಾದ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಪಟ್ಟಿಯನ್ನು ಕೆಳಕ್ಕೆ ಸರಿಸುತ್ತಿದ್ದರು. ಆ ಕ್ರಮದಲ್ಲಿ ತಪ್ಪು ತಪ್ಪಿಸಿಕೊಳ್ಳುವ ಸಾಧ್ಯತೆಯೇ ಇರಲಿಲ್ಲ.

ಆದರೂ ತಪ್ಪಿಸಿಕೊಂಡಿತು. ಕಂಪನಿಯವರೂ ಕೊನೆಯ ಪ್ರತಿ ನೋಡಿ ಒಪ್ಪಿಗೆ ಹಾಕಿದ್ದರು, ಅವರು ನೋಡುವುದು ಬಣ್ಣ ಮತ್ತು ಅಂಚು. ಚೀಟಿ ಡಬ್ಬಿ ಸೇರಿ ಅಂಗಡಿಗಳಿಗೆ ಹೋಯಿತು. ಮೂರನೇ ದಿನ ಒಬ್ಬ ಔಷಧದಂಗಡಿಯವರು, ಮಗುವಿನ ತಾಯಿಗೆ ಚೀಟಿ ತೋರಿಸಿ ವಿವರಿಸುತ್ತಿರುವಾಗ, ಎರಡು ಸಾಲಿನಲ್ಲೂ ಹತ್ತೇ ಇರುವುದನ್ನು ಕಂಡು ಕಂಪನಿಗೆ ಫೋನ್ ಮಾಡಿದರು. ಆ ಪುಣ್ಯಾತ್ಮನ ಕಣ್ಣು ತಂಪಾಗಿರಲಿ. ಡಬ್ಬಿಗಳನ್ನೆಲ್ಲ ವಾಪಸ್ ತರಿಸಿದರು.

ಸುದ್ದಿ ಹೇಳಿದಾಗ ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

“ಯಾವುದಾದ್ರೂ ಮಗು ಕುಡಿದಿದೆಯಾ ಸರ್?”

“ಇಲ್ಲ ಅಂತಿದಾರೆ. ಮಾರಾಟವಾಗಿದ್ದು ಕಮ್ಮಿ. ಕೊಂಡವರನ್ನ ವಿಚಾರಿಸಿದಾರಂತೆ.”

ಅವರು ಕುರ್ಚಿ ಹಿಡಿದುಕೊಂಡು ನಿಧಾನಕ್ಕೆ ಕೂತರು. ತಂಗಿ ನೀರು ತಂದುಕೊಟ್ಟಳು. ನೀರು ಕುಡಿದು, ತಾವು ಗುರುತು ಹಾಕಿದ್ದ ಹಾಳೆಯನ್ನು ತೆಗೆದು ನೋಡಿದರು.

ಆ ವಾರ ಕಂಪನಿಯವರು ಬಂದು ನಮ್ಮ ಉದ್ದನೆಯ ಮೇಜಿನ ಸುತ್ತ ಕೂತರು. ದೊಡ್ಡ ಅಧಿಕಾರಿ ತಪಾಸಣೆಯ ಹಾಳೆ ಎತ್ತಿ ಹಿಡಿದು “ಇದು ಯಾರ ಸಹಿ?” ಎಂದರು. ಅವರ ಎದುರಿಗೇ ಕೂತಿದ್ದ ಮೇಡಂ “ನಂದು” ಎಂದರು. ಅಧಿಕಾರಿ ನನ್ನತ್ತ ತಿರುಗಿದರು. ನಾನು ಹೇಳಬಹುದಾಗಿದ್ದ ಮಾತು ಎಷ್ಟೋ ಇದ್ದವು. ಹೊಸ ನಿಯಮ ನನ್ನದು, ಅವರು ಬೇಡವೆಂದಿದ್ದರು, ದಿನಕ್ಕೆ ಅರವತ್ತು ಸಲ ಅವರನ್ನು ಎಬ್ಬಿಸುತ್ತಿದ್ದೇವೆ. ಗಿರಾಕಿ ಕೈ ತಪ್ಪೀತು ಎಂದು ಹೆದರಿದೆ. “ತಾಳೆ ನೋಡೋದು ಅವರದೇ ಜವಾಬ್ದಾರಿ” ಎಂದೆ. ಸುಳ್ಳಲ್ಲ. ಅದಕ್ಕಿಂತ ಹೇಡಿತನದ ಮಾತನ್ನು ನಾನು ಜೀವನದಲ್ಲಿ ಇನ್ನೊಂದು ಆಡಿಲ್ಲ.

ಕಂಪನಿಗೆ ತಪ್ಪಿನ ಕಾರಣ ಬರೆದು ಕೊಡಬೇಕಿತ್ತು. ಅದಕ್ಕಾಗಿ ಅವತ್ತು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆ ತಪಾಸಣೆಯ ಹಾಳೆಯನ್ನು ಮುಂದಿಟ್ಟುಕೊಂಡೆ. ಹದಿನಾಲ್ಕು ಸಾಲು, ಹದಿನಾಲ್ಕು ಪೆನ್ಸಿಲ್ ಗುರುತು. ಹದಿಮೂರು ಒಂದೇ ಓರೆಯಲ್ಲಿ, ಒಂದೇ ಜಾಗದಲ್ಲಿ ಇದ್ದವು. ಆರನೆಯದು ಮಾತ್ರ ಸ್ವಲ್ಪ ಹೊರಗೆ, ಸ್ವಲ್ಪ ದಪ್ಪಗೆ, ಎಲ್ಲಿಂದಲೋ ಎದ್ದು ಬಂದ ಕೈ ಹಾಕಿದ ಹಾಗೆ. ಪ್ರತಿ ಕೋಷ್ಟಕದ ತಲೆಯ ಮೇಲೆ ಮೇಡಂ ಶುರು ಮಾಡಿದ ಹೊತ್ತು ಬರೆಯುತ್ತಿದ್ದರು. ಇದರ ಮೇಲೆ ಹನ್ನೊಂದು ನಲವತ್ತು ಎಂದಿತ್ತು. ಒಂದು ಸಾಲಿಗೆ ಅವರಿಗೆ ಒಂದೂಕಾಲು ನಿಮಿಷ ಬೇಕು, ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಐದು ಸಾಲು ಮುಗಿಯುವಾಗ ಹನ್ನೊಂದು ನಲವತ್ತಾರು ದಾಟಿರುತ್ತದೆ. ಆರನೆಯದರ ನಡುವೆ ಹನ್ನೊಂದು ನಲವತ್ತೇಳು.

ಆ ಹೊತ್ತಿಗೆ ಅವರಿಗೆ ಯಾರ ಮೇಲ್ ಬಂದಿರಬಹುದು ಎಂದು ಹುಡುಕಿದೆ. ಯಾರದೋ ಸಿಕ್ಕಿದರೆ ಅವರ ತಲೆಗೆ ಕಟ್ಟಬಹುದು ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಸಿಕ್ಕಿದ್ದು ನನ್ನದೇ. ಹನ್ನೊಂದು ನಲವತ್ತೇಳಕ್ಕೆ, ನನ್ನ ಕೋಣೆಯಿಂದ ಕಳಿಸಿದ್ದು. “ಪಂಪ್ ಕೈಪಿಡಿಯ ಮುಖಪುಟ ಎಲ್ಲಿ? ಬೇಗ.” ಹನ್ನೊಂದು ನಲವತ್ತೊಂಬತ್ತಕ್ಕೆ ಅವರ ಉತ್ತರ. “ಬುಧವಾರವೇ ಕಳಿಸಿದ್ದೆ ಸರ್. ಮತ್ತೆ ಲಗತ್ತಿಸಿದ್ದೇನೆ.” ಬುಧವಾರದ ಮೇಲ್ ನನ್ನ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಅದನ್ನು ನಾನು ತೆರೆದೂ ಇದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಹೊಟ್ಟೆಗೆ ಹಾಕಿಕೊಂಡು ಬದುಕುತ್ತಿದ್ದೆನೇನೋ. ಆದರೆ ಅದೇ ದಿನದ ಇನ್ನೊಂದು ಮೇಲ್ ಕೆಳಗೇ ಇತ್ತು. ಹತ್ತು ಮೂವತ್ತೆರಡಕ್ಕೆ ಅವರು ನನಗೆ ಬರೆದದ್ದು.

“ಸರ್, ಇವತ್ತು ಮಕ್ಕಳ ಔಷಧದ ಕೋಷ್ಟಕ ಇದೆ. ಹನ್ನೊಂದೂವರೆಯಿಂದ ಒಂದೂವರೆವರೆಗೆ ಮಾತ್ರ ಮೇಲ್ ಮುಚ್ಚಿಡಲು ಒಪ್ಪಿಗೆ ಕೊಡಿ. ತುರ್ತಿದ್ದರೆ ಮೇಜಿನ ಫೋನ್ ಇದ್ದೇ ಇದೆ. ನಿಮ್ಮ ಉತ್ತರ ಬರುವವರೆಗೆ ತೆರೆದೇ ಇಟ್ಟಿರುತ್ತೇನೆ.”

ಅದರ ಪಕ್ಕದಲ್ಲಿ ತೆರೆದು ನೋಡಿದ ಗುರುತು ಇತ್ತು. ಆ ಹೊತ್ತಿಗೆ ನಾನು ಕಾರಿನಲ್ಲಿದ್ದೆ. ಯಾವುದೋ ಸಿಗ್ನಲ್ಲಿನಲ್ಲಿ ಹೆಬ್ಬೆರಳಿನಿಂದ ತೆರೆದಿದ್ದೇನೆ, ಮೊದಲ ಸಾಲಿನ ಮೇಲೆ ಕಣ್ಣು ಹಾಯಿಸಿದ್ದೇನೆ, ಹಸಿರು ದೀಪ ಬಂದಿದೆ, ಮುಂದಕ್ಕೆ ಹೋಗಿದ್ದೇನೆ. ನೆನಪೇ ಇಲ್ಲ. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಅವರು ನನ್ನ ಒಪ್ಪಿಗೆಗೆ ಕಾಯುತ್ತಿದ್ದರು. ನನ್ನ ಹೆಸರಿನ ಚೌಕ ಪರದೆಯ ಮೂಲೆಯಲ್ಲಿ ಎದ್ದಾಗ ಆರನೇ ಸಾಲನ್ನು ಅರ್ಧಕ್ಕೆ ಬಿಟ್ಟು ತೆರೆದದ್ದು ಅದಕ್ಕೇ. ಬೇರೆ ಯಾರ ಮೇಲ್ ಆಗಿದ್ದರೂ ಹದಿನೈದು ನಿಮಿಷದ ಗಡುವು ಇತ್ತು, ಸಾಲು ಮುಗಿಸಿ ನೋಡುತ್ತಿದ್ದರು. ಮುಚ್ಚಿಡಿ ಎಂಬ ಅಪ್ಪಣೆ ಬಂತು ಎಂದು ತೆರೆದರು. ಅದರಲ್ಲಿ ಇದ್ದದ್ದು “ಮುಖಪುಟ ಎಲ್ಲಿ? ಬೇಗ.”

ನನಗೆ ಅಳು ಬಂತು. ಬಾಗಿಲು ಹಾಕಿತ್ತು, ಯಾರೂ ನೋಡಲಿಲ್ಲ. ಎದ್ದು ಹೋಗಿ ಅವರಿಗೆ ಹೇಳಬೇಕಿತ್ತು. ಅವರ ಮೇಜು ನನ್ನ ಕೋಣೆಯ ಬಾಗಿಲಿನಿಂದ ಹನ್ನೆರಡು ಹೆಜ್ಜೆ. ಹೋಗಲಿಲ್ಲ. ಕಣ್ಣು ಒರೆಸಿಕೊಂಡು, ಕಾರಣದ ಜಾಗದಲ್ಲಿ “ತಪಾಸಕರ ಗಮನದಲ್ಲಿ ಆದ ಲೋಪ” ಎಂದು ಬರೆದೆ. ಕೆಳಗೆ ಅವರ ಸಹಿ ಬೇಕಿತ್ತು. ಹಾಳೆ ಕೊಟ್ಟಾಗ ಅವರು ಪೂರ್ತಿ ಓದಿದರು, ಒಂದೊಂದು ಅಕ್ಷರವನ್ನೂ. ಆಮೇಲೆ ನನ್ನ ಮುಖ ನೋಡಿದರು.

“ಇಷ್ಟೇನಾ ಸರ್? ಇನ್ನೇನಾದ್ರೂ ಸೇರಿಸೋದಿದೆಯಾ?”

“ಇಷ್ಟೇ ಮೇಡಂ.”

ಅವರು ಸಹಿ ಹಾಕಿದರು. ಅದೇ ವಾರ ರಾಜೀನಾಮೆ ಕೊಟ್ಟರು, ತಿಂಗಳ ಕೊನೆಯವರೆಗೆ ಬಂದರು. ಕೆಲಸದಿಂದ ತೆಗೆದದ್ದು ನಾನಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆ ತಿಂಗಳಲ್ಲಿ ಒಂದು ದಿನ ತಂಗಿ ನನ್ನ ಕೋಣೆಗೆ ಬಂದು, “ಅಣ್ಣ, ಅವರು ಯಾಕೋ ಗಳಿಗೆಗೊಂದ್ಸಲ ಮೇಲ್ ತೆಗ್ದು ನೋಡ್ತಾ ಕೂತಿರ್ತಾರೆ. ಕೆಲಸ ಇಲ್ದೆ ಇದ್ರೂ. ನಿನ್ನ ಚಾಳಿ ಅಂಟಿತು ನೋಡು” ಎಂದಳು. ನಾನು ನಕ್ಕುಬಿಟ್ಟೆ. ಹೊಸ ನಿಯಮ ಕೊನೆಗೂ ಒಗ್ಗಿತಲ್ಲ ಎಂದುಕೊಂಡೆ.

ಕೊನೆಯ ದಿನ ಮರದ ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರು. ಕರಿ ಫೋನನ್ನು ಒಮ್ಮೆ ಬಟ್ಟೆಯಿಂದ ಒರೆಸಿಟ್ಟರು. ತಂಗಿಯ ಕೈ ಹಿಡಿದುಕೊಂಡು “ಹುಷಾರು ಕಣಮ್ಮ, ಬೆಳಿಗ್ಗೆ ತಿಂಡಿ ತಿಂದು ಬಾ” ಎಂದರು. ನನಗೆ ಕೈ ಮುಗಿದು ಹೊರಟರು. ಆಗ ಅವರಿಗೆ ಐವತ್ತನಾಲ್ಕು. ಇನ್ನೆಲ್ಲೂ ಕೆಲಸಕ್ಕೆ ಸೇರಲಿಲ್ಲ, ಸೇರಲು ಅರ್ಜಿಯನ್ನೂ ಹಾಕಲಿಲ್ಲ ಎಂದು ಆಮೇಲೆ ತಿಳಿಯಿತು. ಈ ಕೆಲಸದಲ್ಲಿ ಒಂದು ತಪ್ಪಿನ ಸುದ್ದಿ ಹತ್ತೊಂಬತ್ತು ವರ್ಷದ ಒಳ್ಳೆಯ ಹೆಸರಿಗಿಂತ ಬೇಗ ಓಡುತ್ತದೆ.

ಆರು ವರ್ಷ ಕಳೆದಿದೆ. ಅವರು ಹೋದ ಒಂದು ವರ್ಷದೊಳಗೆ ಇನ್ನೂ ಮೂರು ತಪ್ಪು ಅಚ್ಚಿಗೆ ಮೊದಲು ಕೂದಲೆಳೆಯ ಅಂತರದಲ್ಲಿ ಸಿಕ್ಕಿದವು. ಆಗ ಮುಚ್ಚಿಟ್ಟಿದ್ದ ಅವರ ಆ ಎರಡು ತೂತಿನ ಹಾಳೆ ತೆಗೆದೆ. ಈಗ ನಮ್ಮ ಕಚೇರಿಯಲ್ಲಿ ತಾಳೆ ನೋಡುವವರೆಲ್ಲ ಮೂರು ಹೊತ್ತು ಮೇಲ್ ನೋಡುತ್ತಾರೆ. ಅಚ್ಚಿಗೆ ಹೋಗುವ ದಿನ ಫೈಲ್ ಹೊರಡುವ ಅರ್ಧ ಗಂಟೆ ಮೊದಲು ನಾಲ್ಕನೆಯದು. ಫೋನ್ ನಂಬರ್ ಫಾರಮ್ಮಿನ ಮೊದಲನೇ ಸಾಲಿನಲ್ಲಿದೆ. ಮುಹೂರ್ತದ ಮಾತಾಡಿದ್ದ ಆ ಅಧಿಕಾರಿಯೇ ಹೋದ ವರ್ಷ “ನಿಮ್ಮ ಪದ್ಧತಿ ಬಹಳ ಚೆನ್ನಾಗಿದೆ” ಎಂದರು. ನಮ್ಮ ಪದ್ಧತಿ ಎಂದು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ನಾನು ಮಾತ್ರ ಪೂರ್ತಿ ಸುಧಾರಿಸಿಲ್ಲ. ಹೋದ ತಿಂಗಳು ಒಂದು ದಿನ, ಬೆಳಿಗ್ಗೆ ಒಂಬತ್ತಕ್ಕೆ, ಆರು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದನ್ನು ಬರೆದು ಅವರಿಗೆ ಮೇಲ್ ಹಾಕಿದೆ. ಹತ್ತು ಮೂವತ್ತೆರಡು, ಹನ್ನೊಂದು ನಲವತ್ತೇಳು, ಆರನೇ ಸಾಲು, ಬಾಗಿಲು ಹಾಕಿಕೊಂಡು ಅತ್ತದ್ದು, ಹಾಳೆಯಲ್ಲಿ ಬರೆಯದೆ ಬಿಟ್ಟದ್ದು, ಎಲ್ಲ. ತಪ್ಪು ನನ್ನದು, ಕ್ಷಮಿಸಿ ಎಂದೂ ಬರೆದೆ. ಆಮೇಲೆ ಉತ್ತರ ಬಂತೇ ಎಂದು ನೋಡತೊಡಗಿದೆ. ಹತ್ತೂವರೆಯ ಹೊತ್ತಿಗೆ ಮೂವತ್ತು ಸಲ ನೋಡಿರಬೇಕು. ಊಟದ ಡಬ್ಬಿ ಬಿಚ್ಚಿ ಹಾಗೇ ಇಟ್ಟೆ. “ಏನಣ್ಣ, ಮತ್ತೆ ಶುರುವಾಯ್ತಾ?” ಎಂದಳು ತಂಗಿ. ಯಾರಿಗೆ ಬರೆದಿದ್ದೇನೆಂದು ಹೇಳಿದೆ. ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಉತ್ತರ ಬಂದದ್ದು ಒಂದು ಮೂವತ್ತನಾಲ್ಕಕ್ಕೆ. ಇನ್ನೂ ಅದೇ ಹೊತ್ತು ಇಟ್ಟುಕೊಂಡಿದ್ದಾರೆ.

“ಸರ್, ನಮಸ್ಕಾರ. ನಿಮ್ಮ ಮೇಲ್ ಬೆಳಿಗ್ಗೆಯೇ ಓದಿದೆ, ಉತ್ತರಕ್ಕೆ ಸ್ವಲ್ಪ ಸಮಯ ಬೇಕಾಯಿತು. ಇದೆಲ್ಲ ನನಗೆ ಗೊತ್ತಿತ್ತು. ಸುದ್ದಿ ತಿಳಿದ ದಿನವೇ ಆರನೇ ಸಾಲಿನ ಗುರುತು ನೋಡಿ ಗೊತ್ತಾಯಿತು. ಸಾಲು ಬಿಟ್ಟು ಎದ್ದದ್ದು ನಾನು, ಆ ತಪ್ಪು ನನ್ನದೇ, ಅದನ್ನು ನೀವು ತೆಗೆದುಕೊಳ್ಳಬೇಡಿ. ಆದರೆ ನೀವು ಒಂದು ಮಾತು ಬರೆಯುತ್ತೀರಿ ಎಂದು ಆ ತಿಂಗಳು ಪೂರ್ತಿ ಕಾದೆ. ಹೊತ್ತು ಗೊತ್ತು ನೋಡದೆ ಗಳಿಗೆಗೊಮ್ಮೆ ಮೇಲ್ ತೆಗೆದು ನೋಡಿದೆ. ನನ್ನ ಜೀವನದಲ್ಲಿ ನಾನು ಹಾಗೆ ನೋಡಿದ್ದು ಆ ಒಂದು ತಿಂಗಳು ಮಾತ್ರ. ಮನೆಗೆ ಬಂದ ಮೇಲೆ ಬಿಟ್ಟೆ. ಇಲ್ಲಿ ಎಲ್ಲರೂ ಕ್ಷೇಮ. ತಂಗಿಗೆ ನನ್ನ ನೆನಪು ತಿಳಿಸಿ.”

ತಂಗಿ ನನ್ನ ಹೆಗಲ ಮೇಲಿನಿಂದ ಬಗ್ಗಿ ಅದನ್ನು ಓದಿದಳು. ಓದಿ ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊರಗೆ ಹೋದಳು. ತೆರೆದ ಬಾಗಿಲಿನಿಂದ ಆ ಮೇಜು ಕಾಣುತ್ತಿತ್ತು, ಈಗ ಬೇರೊಬ್ಬರು ಅಳತೆಪಟ್ಟಿ ಇಟ್ಟುಕೊಂಡು ಕೂರುತ್ತಾರೆ. ಆ ಒಂದು ತಿಂಗಳು ಮೇಡಂ ಅಲ್ಲೇ ಕೂತು ಕಾದರು, ಇಲ್ಲಿಂದ ಹನ್ನೆರಡು ಹೆಜ್ಜೆ ದೂರದಲ್ಲಿ.